ರಾತ್ರಿ ಇದ್ದವರು ರೌಂಡ್ಸ್ ಮುಗಿಯುವ ತನಕ ಹೊರಡಬಾರದು

ಸ್ನಾನದ ಮನೆಯಲ್ಲಿ ಜಾರಿ ಬಿದ್ದ ಅಮ್ಮನ ತೊಡೆಯ ಮೂಳೆ ಸೊಂಟದ ಕೀಲಿನ ಹತ್ತಿರ ಮುರಿದಿತ್ತು. ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಅಮ್ಮನಿಗೆ ಎಪ್ಪತ್ತೊಂಬತ್ತು ವರ್ಷ. ನೋಡಿಕೊಳ್ಳಲು ಜನರಿಗೆ ಕೊರತೆ ಇರಲಿಲ್ಲ. ಊರಿನಲ್ಲೇ ಇರುವ ನಾನು, ಹಾಸನದ ಅಣ್ಣ ಅತ್ತಿಗೆ, ಶಿವಮೊಗ್ಗದ ತಂಗಿ, ಬೆಂಗಳೂರಿನ ತಮ್ಮ, ಮಂಡ್ಯದಲ್ಲಿರುವ ಚಿಕ್ಕಮ್ಮ ಎಲ್ಲರೂ ಬರಲು ಸಿದ್ಧರಿದ್ದರು. ಅಣ್ಣ ಮೊದಲ ಸಂಜೆಯೇ ಕಾಗದದ ಮೇಲೆ ಪಾಳಿ ಹಾಕಿದ: ಬೆಳಗ್ಗೆ ಎಂಟರಿಂದ ರಾತ್ರಿ ಎಂಟು, ರಾತ್ರಿ ಎಂಟರಿಂದ ಬೆಳಗ್ಗೆ ಎಂಟು. ನೋಡಲು ಅಚ್ಚುಕಟ್ಟಾಗಿತ್ತು. ಆದರೆ ಅದು ನಮ್ಮ ಗಡಿಯಾರ, ಆಸ್ಪತ್ರೆಯದಲ್ಲ.

ಆ ವಾರ್ಡಿನಲ್ಲಿ ಸಿಸ್ಟರ್‌ಗಳ ಪಾಳಿ ಬೆಳಗ್ಗೆ ಎಂಟಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಎಂಟಕ್ಕೆ ಬದಲಾಗುತ್ತಿತ್ತು. ಡಾಕ್ಟರ್ ರೌಂಡ್ಸ್‌ಗೆ ಬರುತ್ತಿದ್ದುದು ಒಂಬತ್ತರಿಂದ ಹತ್ತೂವರೆಯ ನಡುವೆ. ನಾವೂ ಎಂಟಕ್ಕೇ ಬದಲಾದರೆ ರಾತ್ರಿಯೆಲ್ಲ ಅಮ್ಮನನ್ನು ಕಂಡ ಸಿಸ್ಟರ್ ಮತ್ತು ನಮ್ಮ ಮನೆಯವರು ಇಬ್ಬರೂ ಒಟ್ಟಿಗೆ ಹೊರಟುಹೋಗುತ್ತಾರೆ. ಡಾಕ್ಟರ್ ಬಂದು "ರಾತ್ರಿ ಹೇಗಿದ್ದರು?" ಎಂದು ಕೇಳಿದಾಗ ಮಂಚದ ಪಕ್ಕದಲ್ಲಿರುವುದು ರಾತ್ರಿಯನ್ನು ಕಾಣದವರೇ. ಅದಕ್ಕೆ ಎರಡನೆಯ ದಿನವೇ ಸಮಯ ತಿದ್ದಿದೆವು. ಹಗಲಿನವರು ಎಂಟೂವರೆಗೆ ತಿಂಡಿ ಹಿಡಿದು ಬರಬೇಕು, ರಾತ್ರಿಯವರು ತಿಂಡಿ ತಿಂದು, ರೌಂಡ್ಸ್ ಮುಗಿದ ಮೇಲೆ ಹೊರಡಬೇಕು. ಸಂಜೆ ಏಳಕ್ಕೆ ರಾತ್ರಿಯವರು ಬರಬೇಕು. ಹಗಲಿನ ಸಿಸ್ಟರ್ ಇನ್ನೂ ಇರುವಾಗಲೇ ಆ ರಾತ್ರಿ ಏನು ಕೊಡಬೇಕು, ಏನನ್ನು ಗಮನಿಸಬೇಕು ಎಂದು ಅವರ ಬಾಯಿಂದಲೇ ಕೇಳಿಕೊಳ್ಳಲು ಇದು ಅನುಕೂಲ. ನಿದ್ದೆಗೆಟ್ಟವರನ್ನು ಇನ್ನೆರಡು ಗಂಟೆ ಕೂರಿಸಿಕೊಳ್ಳುವುದು ಕಷ್ಟವೆಂದು ಅತ್ತಿಗೆ ಹೇಳಿದರು. ಕಷ್ಟವೇ ನಿಜ. ಆದರೂ ಪಾಳಿಯ ಪಟ್ಟಿಯಲ್ಲಿ ಸಡಿಲಿಸಬಾರದ ಒಂದೇ ಒಂದು ಅಂಶ ಯಾವುದು ಎಂದರೆ ನಾನು ಇದನ್ನೇ ಹೇಳುತ್ತೇನೆ.

ಅದರ ಬೆಲೆ ಶಸ್ತ್ರಚಿಕಿತ್ಸೆಯಾದ ಮೂರನೆಯ ರಾತ್ರಿ ತಿಳಿಯಿತು. ತಂಗಿಯ ಪಾಳಿ. ಹಗಲೆಲ್ಲ ಚೆನ್ನಾಗಿ ಮಾತನಾಡಿಕೊಂಡಿದ್ದ ಅಮ್ಮ ಹನ್ನೊಂದರ ಹೊತ್ತಿಗೆ ಎದ್ದು ಕೂರಲು ನೋಡಿದರು. ಡ್ರಿಪ್‌ನ ಸೂಜಿ ಎಳೆದರು. "ಹಸುವಿಗೆ ಹುಲ್ಲು ಹಾಕಿಲ್ಲ, ಬಾಗಿಲು ತೆಗಿ" ಎಂದು ತಂಗಿಯನ್ನು ಗದರಿದರು. ಮನೆಯಲ್ಲಿ ಹಸು ಇಲ್ಲದೆ ಎಷ್ಟೋ ವರ್ಷವಾಗಿದೆ. ಮೂರರ ನಂತರ ಮಂಪರಿಗೆ ಜಾರಿದರು. ಬೆಳಗ್ಗೆ ನಾನು ಹೋಗುವಷ್ಟರಲ್ಲಿ ಮುಖ ತೊಳೆಸಿಕೊಂಡು ಕಾಫಿ ಕುಡಿಯುತ್ತಿದ್ದರು. "ಬಂದೆಯಾ?" ಎಂದು ನಕ್ಕರು. ನಾನೊಬ್ಬಳೇ ಇದ್ದಿದ್ದರೆ ಡಾಕ್ಟರಿಗೆ "ಚೆನ್ನಾಗಿದ್ದಾರೆ" ಎಂದೇ ಹೇಳುತ್ತಿದ್ದೆ. ತಂಗಿ ಅಲ್ಲೇ ಇದ್ದಳು, ಗಂಟೆಗಳ ಸಮೇತ ಎಲ್ಲವನ್ನೂ ಹೇಳಿದಳು.

ಡಾಕ್ಟರ್ ಇದನ್ನು "ವಯಸ್ಸಾದವರಲ್ಲಿ ಹೀಗಾಗುತ್ತದೆ" ಎಂದು ತಳ್ಳಿಹಾಕಲಿಲ್ಲ. ಆಪರೇಷನ್ ಆದ ಹಿರಿಯರಲ್ಲಿ ಹಠಾತ್ತನೆ ಬರುವ ಈ ಗೊಂದಲ ರಾತ್ರಿ ಏರಿ ಹಗಲು ಇಳಿಯುತ್ತದೆ, ಹಾಗಾಗಿಯೇ ಕಣ್ತಪ್ಪುತ್ತದೆ, ಇದರ ಹಿಂದೆ ನೋವು, ಮೂತ್ರದ ಸೋಂಕು, ಮಲಬದ್ಧತೆ, ಸೋಡಿಯಂ ಕೊರತೆ ಹೀಗೆ ಏನಾದರೂ ಕಾರಣ ಇರುತ್ತದೆ ಎಂದರು. ರಕ್ತ ಪರೀಕ್ಷೆಯಲ್ಲಿ ಸೋಡಿಯಂ ಇಳಿದಿದ್ದು ಕಂಡಿತು. ಅಮ್ಮ ಬಹುಕಾಲದಿಂದ ನುಂಗುತ್ತಿದ್ದ ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧವೂ ಸೇರಿತ್ತು, ಅದು ಸೋಡಿಯಂ ಇಳಿಸುತ್ತದೆ. ಆ ಮಾತ್ರೆ ನಿಲ್ಲಿಸಿ ಬೇರೆ ಕೊಟ್ಟರು. ಸೋಡಿಯಂ ಅನ್ನು ಅವಸರದಲ್ಲಿ ಏರಿಸಿದರೆ ಮಿದುಳಿಗೆ ಅಪಾಯವಂತೆ. ಹಾಗಾಗಿ ನಿಧಾನವಾಗಿ ಸರಿಪಡಿಸಿದರು. ಅಮ್ಮ ತಿಳಿಯಾಗಲು ಕೆಲವು ದಿನ ಹಿಡಿಯಿತು. ಅಷ್ಟು ದಿನ ರಾತ್ರಿಯವರಿಗೆ ನಾವು ಹೇಳಿಕೊಟ್ಟಿದ್ದು ಇಷ್ಟೇ: ಕನ್ನಡಕ, ಶ್ರವಣಯಂತ್ರ ಕೈಗೆ ಸಿಗುವಂತಿರಲಿ, ಸಣ್ಣ ದೀಪ ಉರಿಯುತ್ತಿರಲಿ, ಹಸುವಿನ ವಿಷಯಕ್ಕೆ ವಾದ ಬೇಡ, "ಹುಲ್ಲು ಹಾಕಿ ಬಂದೆ ಅಮ್ಮ, ಮಲಗು" ಎಂದರೆ ಸಾಕು.

ಮಂಚದ ಪಕ್ಕದ ಕಪಾಟಿನಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇಟ್ಟೆವು. ಆಸ್ಪತ್ರೆಯ ಫೈಲಿನಲ್ಲಿರುವುದನ್ನು ಅದರಲ್ಲಿ ನಕಲು ಮಾಡುತ್ತಿರಲಿಲ್ಲ. ನಮ್ಮ ಕಣ್ಣಿಗೆ ಮಾತ್ರ ಬೀಳುವುದನ್ನು ಬರೆಯುತ್ತಿದ್ದೆವು: "1.40 – ಬೆಡ್‌ಪ್ಯಾನ್, ಉರಿ ಎಂದರು. 2.00 – ಎಡಕ್ಕೆ ಹೊರಳಿಸಿದೆವು. ಗಂಜಿ ಅರ್ಧ ಲೋಟ. ಮಲವಿಸರ್ಜನೆ ಎರಡು ದಿನದಿಂದ ಇಲ್ಲ." ಕೊನೆಯ ಪುಟದಲ್ಲಿ ಡಾಕ್ಟರನ್ನು ಕೇಳಬೇಕಾದ ಪ್ರಶ್ನೆಗಳು. ಯಾರಿಗೆ ಹೊಳೆದರೂ ಅಲ್ಲಿ ಬರೆಯಬೇಕು, ರೌಂಡ್ಸ್‌ನಲ್ಲಿ ಒಬ್ಬರೇ ಕೇಳಬೇಕು. ಮಾತ್ರೆಗಳ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು. ಮನೆಯಿಂದ ತಂದ ಮಾತ್ರೆಗಳನ್ನೆಲ್ಲ ಸಿಸ್ಟರ್ ಕೈಗೆ ಒಪ್ಪಿಸಿಬಿಟ್ಟೆವು. ಆಸ್ಪತ್ರೆಯವರು ಕೊಟ್ಟ ಮೇಲೂ ಪ್ರೀತಿಯಿಂದ "ಅಮ್ಮನ ಶುಗರ್ ಮಾತ್ರೆ" ಎಂದು ಇನ್ನೊಂದು ಕೊಡುವವರು ಪ್ರತಿ ಮನೆಯಲ್ಲೂ ಒಬ್ಬರಾದರೂ ಇರುತ್ತಾರೆ.

ರಾತ್ರಿ ಯಾರು ಎಂಬುದು ಸೂಕ್ಷ್ಮದ ಪ್ರಶ್ನೆ. ಹೆಂಗಸರ ವಾರ್ಡಿನಲ್ಲಿ ರಾತ್ರಿ ಗಂಡಸರನ್ನು ಇರಗೊಡುತ್ತಿರಲಿಲ್ಲ, ಬೆಡ್‌ಪ್ಯಾನ್‌ಗೆ ಮಗನನ್ನು ಕರೆಯಲು ಅಮ್ಮನಿಗೂ ಸಂಕೋಚ. ಹಾಗಾಗಿ ಭಾರವೆಲ್ಲ ನಾನು, ಅತ್ತಿಗೆ, ತಂಗಿ ಈ ಮೂವರ ಮೇಲೆ ಬಿತ್ತು. ಯಾರೂ ಸತತ ಎರಡು ರಾತ್ರಿಗಿಂತ ಹೆಚ್ಚು ಇರಬಾರದೆಂದು ಗೊತ್ತು ಮಾಡಿಕೊಂಡೆವು. ಮೂರನೆಯ ರಾತ್ರಿ ಇದ್ದವರು ಕೂತಲ್ಲೇ ನಿದ್ದೆ ಹೋಗುತ್ತಾರೆ, ಎರಡು ಗಂಟೆಗೊಮ್ಮೆ ಹೊರಳಿಸುವುದು ತಪ್ಪಿ ಬೆನ್ನ ಕೆಳಗೆ ಹುಣ್ಣಾಗುತ್ತದೆ. ಹೊರಳಿಸುವುದೂ ಒಬ್ಬರ ಕೆಲಸವಲ್ಲ. ಕಾಲುಗಳ ನಡುವೆ ದಿಂಬು ಇಟ್ಟು, ಒಂದು ಕಾಲು ಇನ್ನೊಂದರ ಮೇಲೆ ಅಡ್ಡ ಬಾರದಂತೆ ಇಡೀ ಮೈಯನ್ನು ಒಟ್ಟಿಗೆ ತಿರುಗಿಸಬೇಕು. ಆಯಾ ಅಥವಾ ಸಿಸ್ಟರ್ ಬರುವ ತನಕ ಕಾಯಬೇಕು. ಅರವತ್ತಾರರ ಚಿಕ್ಕಮ್ಮ, ಸ್ವತಃ ಶುಗರ್ ಇರುವವರು, "ಅಕ್ಕನಿಗೆ ನಾನಲ್ಲದೆ ಯಾರು?" ಎಂದು ರಾತ್ರಿಗೆ ಪಟ್ಟು ಹಿಡಿದರು. ಅವರಿಗೆ ಹಗಲು ಹನ್ನೊಂದರಿಂದ ನಾಲ್ಕರ ತನಕ ಕೊಟ್ಟೆವು. ಅಮ್ಮ ಊಟ ಮಾಡುವ ಹೊತ್ತದು, ಮತ್ತು ತನ್ನ ತಂಗಿಯ ಕೈತುತ್ತೆಂದರೆ ಅಮ್ಮ ಎರಡು ತುತ್ತು ಹೆಚ್ಚೇ ತಿನ್ನುತ್ತಿದ್ದರು.

ರಾತ್ರಿ ಇರಲಾಗದ ತಮ್ಮ ವಿಮೆಯ ಕಾಗದ, ಬಿಲ್ಲು, ಔಷಧದಂಗಡಿಯ ಓಡಾಟ ವಹಿಸಿಕೊಂಡ. ಅಣ್ಣ ನೆಂಟರ ಫೋನುಗಳನ್ನು. ನೋಡಲು ಬರುವವರಿಗೆ ಸಂಜೆ ನಾಲ್ಕರಿಂದ ಆರು ಮಾತ್ರ. ಹಣ್ಣು ಹಿಡಿದು ಎಂಟು ಜನ ಒಮ್ಮೆಗೇ ಬಂದ ದಿನ ಅಮ್ಮನಿಗೆ ರಾತ್ರಿಯ ಗೊಂದಲ ಹೆಚ್ಚಿದ್ದನ್ನು ನೋಟ್‌ಬುಕ್ಕಿನಲ್ಲೇ ಕಂಡೆವು. ಅಂದಿನಿಂದ ಬರುತ್ತೇನೆಂದವರಿಗೆಲ್ಲ ಅಣ್ಣನೇ ದಿನ ಹೇಳುತ್ತಿದ್ದ, ದಿನಕ್ಕೆ ಇಬ್ಬರು, ಹತ್ತು ನಿಮಿಷ. "ಏನಾದರೂ ಮಾಡಲೇ?" ಎಂದವರಿಗೆ ಹಣ್ಣಿನ ಬದಲು ರಾತ್ರಿಯವರ ಊಟದ ಡಬ್ಬಿ ವಹಿಸಿದ. ರಾತ್ರಿ ಒಂಬತ್ತಕ್ಕೆ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ನಾಲ್ಕು ಸಾಲು, ಅವನೊಬ್ಬನಿಂದಲೇ.

ಮಕ್ಕಳ ಪರೀಕ್ಷೆಗೆ ತಂಗಿ ಊರಿಗೆ ಹೋದಾಗ ಎರಡು ರಾತ್ರಿ ಖಾಲಿ ಬಿದ್ದವು. ಹಣ ಕೊಟ್ಟು ಒಬ್ಬ ಹೆಣ್ಣುಮಗಳನ್ನು ಗೊತ್ತು ಮಾಡಿದೆವು. ಅಪರಿಚಿತ ಮುಖ ಕಂಡು ಅಮ್ಮ ಹೆದರಬಾರದೆಂದು ಮೊದಲು ಒಂದು ಹಗಲು ನನ್ನ ಜೊತೆ ಇರಿಸಿಕೊಂಡೆ, ಹೊರಳಿಸುವುದನ್ನು ಸಿಸ್ಟರ್ ಎದುರಿಗೇ ಮಾಡಿಸಿದೆ. ಆ ಎರಡೂ ಬೆಳಗ್ಗೆ ನಾನು ಎಂಟೂವರೆಗೆ ಹೋದಾಗ ಆಕೆಯೂ ರೌಂಡ್ಸ್ ಮುಗಿಯುವ ತನಕ ಇದ್ದು, ನೋಟ್‌ಬುಕ್ ತೆರೆದು ಡಾಕ್ಟರಿಗೆ ಓದಿ ಹೇಳಿ ಹೊರಟಳು.