ನಾಟಕದ ಲೈವ್‌ನಲ್ಲಿ ದೇಣಿಗೆ: ಸೂಪರ್ ಚಾಟ್ ಬಿಟ್ಟ ಮೇಲೆ ಲೆಕ್ಕ ಕುದುರಿತು

ಗುಬ್ಬಿ ಕಡೆಯ ಹಳ್ಳಿಯೊಂದರ ಸರ್ಕಾರಿ ಶಾಲೆಗೆ ಚಾವಣಿ ಹಾಕಿಸಲು 'ಕುರುಕ್ಷೇತ್ರ' ನಾಟಕದ ಯೂಟ್ಯೂಬ್ ಲೈವ್‌ನಲ್ಲೇ ದುಡ್ಡು ಎತ್ತುತ್ತೇನೆ ಎಂದಾಗ, ಜೊತೆಯಲ್ಲಿ ಲೈವ್ ಮಾಡುವವರೇ ನಕ್ಕಿದ್ದರು. ಎರಡನೇ ನಾಟಕಕ್ಕೆ ಸುಮಾರು 1 ಲಕ್ಷ 82 ಸಾವಿರ ಬಂತು. ಮೊದಲ ನಾಟಕದಲ್ಲಿ ಮಾತ್ರ ಅವರು ನಕ್ಕಿದ್ದು ಸರಿಯಾಗಿತ್ತು.

ಮೊದಲ ಸಲ ಸೂಪರ್ ಚಾಟ್, ಅಂದರೆ ನೋಡುಗ ದುಡ್ಡು ಕೊಟ್ಟು ಲೈವ್ ಚಾಟ್‌ನಲ್ಲಿ ಎದ್ದು ಕಾಣುವಂತೆ ಹಾಕುವ ಸಂದೇಶವನ್ನು ನಂಬಿದೆ. ಪಾತ್ರಧಾರಿಗೆ ನೋಟು ಹಾಕಿ ಮೈಕಿನಲ್ಲಿ ಹೆಸರು ಹೇಳಿಸುವ ನಮ್ಮ ರೂಢಿಗೆ ಅದು ಹೇಳಿ ಮಾಡಿಸಿದಂತೆ ಕಂಡಿತ್ತು. ಪರದೆಯ ಮೇಲೆ ಹತ್ತಿರ ಹತ್ತಿರ 38,000 ಕಂಡಿತು. ನೋಡುಗ ಕೊಟ್ಟ ಮೊತ್ತದಲ್ಲಿ ಮೊದಲು ತೆರಿಗೆ ಹೋಗುತ್ತದೆ, ಐಫೋನ್ ಆ್ಯಪ್‌ನಿಂದ ಕೊಟ್ಟಿದ್ದರೆ ಆ್ಯಪ್ ಸ್ಟೋರ್ ಪಾಲೂ ಹೋಗುತ್ತದೆ, ಉಳಿದದ್ದರಲ್ಲಿ ಚಾನೆಲ್‌ಗೆ ನೂರಕ್ಕೆ 70. 18% ಜಿಎಸ್‌ಟಿ ಒಳಗೇ ಸೇರಿದೆ ಎಂದುಕೊಂಡರೆ 100 ರೂಪಾಯಿ ಕೊಟ್ಟವನಿಂದ ನಮಗೆ ಸಿಗುವುದು 59ರ ಆಸುಪಾಸು. 38,000ಕ್ಕೆ 22,500. ಅದೂ ಮಾರ್ಚ್ ನಾಟಕದ ದುಡ್ಡು, ಯೂಟ್ಯೂಬ್ ಗಳಿಕೆ ಪಾವತಿಸುವ ಗೂಗಲ್‌ನ ಆಡ್‌ಸೆನ್ಸ್‌ನಿಂದ ಹೊರಟದ್ದು ಏಪ್ರಿಲ್ 21 ದಾಟಿದ ಮೇಲೆ. ಬಾಕಿ 100 ಡಾಲರ್ ಮುಟ್ಟದಿದ್ದರೆ ಆ ತಿಂಗಳೂ ಹೊರಡುವುದಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಸೂಪರ್ ಚಾಟ್ ದೇಣಿಗೆಯೇ ಅಲ್ಲ, ಚಾನೆಲ್ ಮಾಲೀಕನ ಆದಾಯ. ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಕೊಡಿಸುವ 80ಜಿ ರಸೀದಿ ಕೊಡಲು ಬರುವುದಿಲ್ಲ. ಆದಾಯ ತೆರಿಗೆ ಲೆಕ್ಕವೂ ಮಾಲೀಕನ ತಲೆಗೇ.

ಹಾಗಾಗಿ ಎರಡನೇ ಸಲ ದೇಣಿಗೆ ಪಡೆಯುವ ನಮ್ಮ ಟ್ರಸ್ಟ್ ಹೆಸರಲ್ಲೇ, ಆನ್‌ಲೈನ್ ಪಾವತಿ ಪಡೆದು ಖಾತೆಗೆ ಹಾಕುವ ಪೇಮೆಂಟ್ ಗೇಟ್‌ವೇ ತೆರೆಸಿದೆ. ಟ್ರಸ್ಟ್ ಡೀಡ್, ಟ್ರಸ್ಟ್‌ನ ಪ್ಯಾನ್, ಟ್ರಸ್ಟಿಗಳ ಗುರುತಿನ ದಾಖಲೆ, ರದ್ದು ಮಾಡಿದ ಚೆಕ್, ಟ್ರಸ್ಟ್‌ಗೆ ತೆರಿಗೆ ವಿನಾಯಿತಿ ಕೊಡುವ 12ಎ ಆದೇಶ ಮತ್ತು 80ಜಿ ಆದೇಶ, ವಿಳಾಸ ಮತ್ತು ಹಣ ವಾಪಸಾತಿ ನಿಯಮ ಹಾಕಿದ ಒಂದು ಪುಟ, ಇಷ್ಟು ಕೇಳಿದರು. ಎಲ್ಲವೂ ಇತ್ತು, ಆದರೂ ಅರ್ಜಿ ಎರಡು ಸಲ ವಾಪಸ್ ಬಂತು. ಕಾರಣ ನಮ್ಮ ಕಡೆಯ ಸಂಘ ಸಂಸ್ಥೆಗಳಿಗೆಲ್ಲ ಅಂಟಿಕೊಂಡಿರುವ '(ರಿ)'. ಬ್ಯಾಂಕ್ ಖಾತೆಯಲ್ಲಿ ಹೆಸರಿನ ಕೊನೆಗೆ `R` ಇತ್ತು, ಪ್ಯಾನ್‌ನಲ್ಲಿ ಇರಲಿಲ್ಲ. ಅದನ್ನು ಸರಿ ಮಾಡಿಸಿದರೆ ಊರಿನ ಹೆಸರು ಅಡ್ಡ ಬಂತು. ಡೀಡ್ 2014ರ ನವೆಂಬರ್‌ಗಿಂತ ಹಳೆಯದು, ಅದರಲ್ಲಿ `Tumkur`, ಪ್ಯಾನ್‌ನಲ್ಲಿ `Tumakuru`. ಪರಿಶೀಲಿಸುವವರು ಅಕ್ಷರಕ್ಕೆ ಅಕ್ಷರ ಹೋಲಿಸುತ್ತಾರೆ, ಜಿಲ್ಲೆಯ ಹೆಸರು ಬದಲಾದದ್ದು ಅವರಿಗೆ ಹೊಳೆಯುವುದಿಲ್ಲ. ಬ್ಯಾಂಕ್‌ನಲ್ಲಿ ಹೆಸರು ತಿದ್ದಿಸಿ, ಎರಡೂ ಊರು ಒಂದೇ ಎಂದು ಟ್ರಸ್ಟ್‌ನ ಲೆಟರ್‌ಹೆಡ್‌ನಲ್ಲಿ ಪತ್ರ ಲಗತ್ತಿಸಿದ ಮೇಲೆ ಪಾಸಾಯಿತು. ಒಟ್ಟು ಮೂರು ವಾರ ಹಿಡಿಯಿತು. ನಾಟಕದ ತಾರೀಖು ಗೊತ್ತು ಮಾಡುವ ಮೊದಲೇ ಅರ್ಜಿ ಹಾಕಿ.

ಶುಲ್ಕ 2%, ಅದರ ಮೇಲೆ 18% ಜಿಎಸ್‌ಟಿ, ಒಟ್ಟು 2.36%. ನಮ್ಮ ಗೇಟ್‌ವೇ ಯುಪಿಐಗೂ ಅಷ್ಟೇ ಹಿಡಿಯಿತು. 1,82,000ಕ್ಕೆ 4,300 ಹೋಯಿತು. ಶನಿವಾರ ರಾತ್ರಿಯ ದುಡ್ಡು ಬುಧವಾರ ಖಾತೆಗೆ ಬಿತ್ತು, ಶುಲ್ಕ ಕಳೆದು, ಎಲ್ಲ ಸೇರಿ ಒಂದೇ ಮೊತ್ತವಾಗಿ. ಹಾಗಾಗಿ ಯಾರು ಎಷ್ಟು ಕೊಟ್ಟರೆಂದು ಪಾಸ್‌ಬುಕ್‌ನಲ್ಲಿ ಹುಡುಕಬೇಡಿ, ಗೇಟ್‌ವೇ ವರದಿ ಇಳಿಸಿಕೊಂಡು ರಸೀದಿ ಬರೆಯಿರಿ. ಒಬ್ಬರು 500ರ ಬದಲು 5,000 ಒತ್ತಿಬಿಟ್ಟಿದ್ದರು. ವಾಪಸ್ ಕಳಿಸಿದೆವು, ಆದರೆ ಶುಲ್ಕ ನಮಗೆ ಮರಳಲಿಲ್ಲ.

ಪ್ಯಾನ್ ನಂಬರ್ ಎಲ್ಲರಿಗೂ ಕಡ್ಡಾಯ ಮಾಡಿ ನೋಡಿದೆ. ಮೊದಲ ಅರ್ಧ ಗಂಟೆ ಬಹಳ ಜನ ಫಾರಂ ತೆರೆದು ಹಾಗೇ ಮುಚ್ಚಿದರು. ಆಮೇಲೆ ಹೆಸರು, ವಿಳಾಸ ಮಾತ್ರ ಕಡ್ಡಾಯ ಮಾಡಿ, 80ಜಿ ಬೇಕೆಂದವರಿಗೆ ಮಾತ್ರ ಪ್ಯಾನ್ ಜಾಗ ಇಟ್ಟೆ. ಹೆಸರು, ವಿಳಾಸ ಬಿಡುವಂತಿಲ್ಲ. ಅನಾಮಧೇಯ ದೇಣಿಗೆ ಮಿತಿ ಮೀರಿದರೆ ಮೀರಿದ ಭಾಗಕ್ಕೆ ಟ್ರಸ್ಟ್ 30% ತೆರಿಗೆ ಕಟ್ಟಬೇಕು.

ವಿದೇಶಿ ಕಾರ್ಡ್ ಸೌಲಭ್ಯ ಮೊದಲೇ ಬಂದ್ ಮಾಡಿಸಿದೆ. ದುಬೈನಲ್ಲಿರುವ ನಮ್ಮೂರ ಹುಡುಗ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದರೆ ಬ್ಯಾಂಕ್ ಮೂಲಕ ತನ್ನ ಉಳಿತಾಯದಿಂದ ಕೊಡಬಹುದು. ಅಮೆರಿಕದ ಪೌರನಾದವನು ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ತೋರಿಸಿದರೂ, ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ಅನುಮತಿ ಇಲ್ಲದ ಟ್ರಸ್ಟ್ ಅವನ ದುಡ್ಡು ಮುಟ್ಟುವಂತಿಲ್ಲ. ಹಾಗೆ ಬಂದ ಇಬ್ಬರಿಗೆ 'ಬೇಡಣ್ಣ' ಎಂದೆ, ಬೇಸರ ಮಾಡಿಕೊಂಡರು.

ಪರದೆಯ ಮೂಲೆಯಲ್ಲಿ ಕ್ಯೂಆರ್ ಇಟ್ಟದ್ದು ನಾನು ಮಾಡಿದ ದಡ್ಡತನ. ನೋಡುವವರು ಬಹುಪಾಲು ಫೋನಿನಲ್ಲೇ ನೋಡುತ್ತಾರೆ, ಅದೇ ಫೋನಿನಿಂದ ಅದನ್ನು ಸ್ಕ್ಯಾನ್ ಮಾಡುವುದು ಹೇಗೆ? ಲೈವ್ ಚಾಟ್‌ನಲ್ಲಿ ಪಿನ್ ಮಾಡಿದ ಲಿಂಕೇ ಕೆಲಸ ಮಾಡಿದ್ದು. `upi://` ಎಂದು ಶುರುವಾಗುವುದು ಅಲ್ಲಿ ಒತ್ತಲು ಬರಲಿಲ್ಲ, `https://` ಬೇಕೇ ಬೇಕು. ಶಾರ್ಟ್ಸ್‌ನಲ್ಲಿ ಭೀಮನ ಗದೆಯ ಸೀನು ಲಕ್ಷ ದಾಟಿತು, ದುಡ್ಡು ಸೊನ್ನೆ. ಅಲ್ಲಿ ಕಾಮೆಂಟ್‌ನ ಲಿಂಕ್ ಒತ್ತಿದರೆ ತೆರೆಯುವುದಿಲ್ಲ.

ಕೃಷ್ಣ ಸಂಧಾನ ಮುಗಿದು ಯುದ್ಧ ಶುರುವಾಗುವ ಮೊದಲಿನ ಹತ್ತು ನಿಮಿಷದಲ್ಲೇ ಮೂರನೇ ಒಂದು ಭಾಗ ಬಂತು. ಆಗ ಹಾರ್ಮೋನಿಯಂ ಮೇಷ್ಟ್ರ ಕೈಲಿ ಏನು ಹೇಳಿಸಿದೆ ಎಂಬುದು ಮುಂದಿನ ನಾಟಕ ಮುಗಿಯುವವರೆಗೆ ನನ್ನಲ್ಲೇ ಇರಲಿ.