ಹೆಸರಿನ ಕೊನೆಯ ಒಂದು A

ಕ್ಯಾತಸಂದ್ರದ ನಮ್ಮ ಮನೆಗೆ ಮದುವೆ ಗೊತ್ತಾದ ಜೋಡಿಯೊಂದು ಬಂದಿತ್ತು. ಹುಡುಗ ಮಂಜುನಾಥ, ಹುಡುಗಿ ಕಾವ್ಯ ಅಂತ ಇಟ್ಟುಕೊಳ್ಳಿ. ನಮ್ಮ ಒಳಗಿನ ಆಸೆಗಳು ಹೊಂದುತ್ತವಾ ನೋಡಿ ಅಂದರು.

ಹೆಸರಿನ ಅಕ್ಷರಗಳಿಗೆ ಸಂಖ್ಯೆ ಕೊಟ್ಟು ನೋಡುವ ಸಂಖ್ಯಾಶಾಸ್ತ್ರದಲ್ಲಿ ನಾನು ಪೈಥಾಗೊರಸ್ ಪಟ್ಟಿ ಬಳಸುತ್ತೇನೆ. A ಇಂದ I ವರೆಗೆ 1 ರಿಂದ 9. J ಇಂದ ಮತ್ತೆ 1, S ಇಂದ ಮತ್ತೆ 1. ಹೆಸರಿನ ಸ್ವರಗಳನ್ನು ಕೂಡಿದರೆ ಸೋಲ್ ಅರ್ಜ್, ಅಂದರೆ ಒಳಗಿನ ಆಸೆಯ ಸಂಖ್ಯೆ. ವ್ಯಂಜನಗಳನ್ನು ಕೂಡಿದರೆ ಪರ್ಸನಾಲಿಟಿ ಸಂಖ್ಯೆ, ಹೊರಗಿನವರಿಗೆ ಕಾಣುವ ಮುಖ. ಕೆಲವರು ಕಾಲ್ಡಿಯನ್ ಪಟ್ಟಿ ಬಳಸುತ್ತಾರೆ. ಅದರಲ್ಲಿ ಅಕ್ಷರಗಳ ಬೆಲೆಯೇ ಬೇರೆ, ಎರಡನ್ನೂ ಬೆರೆಸಬಾರದು.

KAVYA ದಲ್ಲಿ ಎರಡು A, ಒಟ್ಟು 2. ಇಲ್ಲಿ Y ‘ಯ’ಕಾರದ ಸದ್ದು ಕೊಡುತ್ತದೆ, ಹಾಗಾಗಿ ಅದು ವ್ಯಂಜನ. ಸ್ವರ ಅಂತ ಎಣಿಸಿದರೆ 2 ಹೋಗಿ 9 ಆಗಿಬಿಡುತ್ತದೆ. ವ್ಯಂಜನಗಳು 2+4+7, ಅಂದರೆ 13, 1 ಕ್ಕೆ 3 ಕೂಡಿಸಿ ಕೊನೆಗೆ 4. ಹೊರಗೆ ಶಿಸ್ತು, ಒಳಗೆ ಜೊತೆ ಬೇಕು ಅನ್ನುವ ಮನಸ್ಸು.

ಹುಡುಗನ ಹೆಸರಲ್ಲಿ ತೊಡಕಿತ್ತು. ಮಾರ್ಕ್ಸ್ ಕಾರ್ಡಿನಲ್ಲಿ MANJUNATH, ಆಧಾರ್‌ನಲ್ಲಿ MANJUNATHA. ಮೊದಲನೆಯದರ ಸ್ವರಗಳು 1+3+1, ಅಂದರೆ 5: ಓಡಾಟ, ಸ್ವಾತಂತ್ರ್ಯ. ಕೊನೆಯ A ಸೇರಿದರೆ 6: ಮನೆ, ಜವಾಬ್ದಾರಿ. ವ್ಯಂಜನಗಳು ಎರಡರಲ್ಲೂ 25, ಅಂದರೆ 7, ಮೌನದ ಮನುಷ್ಯ. ಒಳಗಿನ ಸಂಖ್ಯೆ ಮಾತ್ರ ಅಲ್ಲಾಡಿತು. ತುಮಕೂರನ್ನೇ ನೋಡಿ. TUMKUR ಸ್ವರಗಳು 6, 2014ರಲ್ಲಿ ಬದಲಾದ TUMAKURU ವಿನದು 10, ಅಂದರೆ 1. ವ್ಯಂಜನ ಎರಡರಲ್ಲೂ 8.

ಹುಟ್ಟಿದಾಗ ದಾಖಲಾದ ಹೆಸರನ್ನೇ ಹಿಡಿಯಬೇಕು ಅನ್ನುವುದು ನಿಯಮ. ಅವನ ಜನನ ಪ್ರಮಾಣಪತ್ರದಲ್ಲಿ ಇದ್ದದ್ದು ಕನ್ನಡದಲ್ಲಿ ಮಾತ್ರ. ಶಾಲೆಯಿಂದಲೂ ಸಹಿ ಮಾಡುತ್ತಾ ಬಂದ MANJUNATH ಅನ್ನುವ ಹೆಸರನ್ನು ಹಿಡಿದೆ. 2 ಕ್ಕೂ 6 ಕ್ಕೂ ಸುಲಭವಾಗಿ ಹೊಂದುತ್ತದೆ, 2 ಕ್ಕೂ 5 ಕ್ಕೂ ಎಳೆದಾಟ ಇರುತ್ತದೆ. ಮನೆಯವರ ಖುಷಿಗೆ 6 ಹಿಡಿಯುವುದು ಸುಲಭವಿತ್ತು, ನನಗೆ ಮನಸ್ಸು ಬರಲಿಲ್ಲ.

ಸಂಖ್ಯೆ ಹೇಳುವ ಮೊದಲು ಇಬ್ಬರಿಗೂ ಒಂದೊಂದು ಚೀಟಿ ಕೊಟ್ಟೆ. “ಬಿಡುವಿನ ಭಾನುವಾರ ಹೇಗಿರಬೇಕು, ಬರೆಯಿರಿ. ಒಬ್ಬರದ್ದೊಬ್ಬರು ನೋಡಬೇಡಿ” ಅಂದೆ. ಸಂಖ್ಯೆ ಮೊದಲೇ ಕೇಳಿದರೆ ಜನ ಅದಕ್ಕೆ ತಕ್ಕ ಹಾಗೆ ಉತ್ತರ ಬರೆಯುತ್ತಾರೆ. ಅವನು ಬರೆದದ್ದು: ಒಬ್ಬನೇ ಬೈಕಿನಲ್ಲಿ ದೇವರಾಯನದುರ್ಗ. ಅವಳದ್ದು: ಇಬ್ಬರೂ ಒಟ್ಟಿಗೆ ಅಡುಗೆ, ಸಂಜೆ ಅಮ್ಮನ ಮನೆ.

ಅವನ ಚೀಟಿ ಬರೆದದ್ದು 5 ಕ್ಕೆ ಹತ್ತಿರವಿತ್ತು. ಅದು 6 ರ ಕಡೆ ಹೋಗಿದ್ದರೆ ಚೀಟಿಯನ್ನೇ ನಂಬುತ್ತಿದ್ದೆ. ವಿಜ್ಞಾನ ಈ ಲೆಕ್ಕವನ್ನು ಒಪ್ಪಿಲ್ಲ, ಇದರ ಮೇಲೆ ಮದುವೆ ಬಿಡಬೇಡಿ ಅಂತ ಅವರಿಗೂ ಹೇಳಿದೆ. ಮೌನಿ ಹುಡುಗ ಮನೆಯಲ್ಲೇ ಇರುತ್ತಾನೆ ಅಂತ ಕಾವ್ಯ ಅಂದುಕೊಂಡಿದ್ದಳು. ಅವಳು ನೋಡಿದ್ದು ಅವನ ಹೊರಗಿನ 7 ನ್ನು.

“ತಿಂಗಳಿಗೆ ಎಷ್ಟು ಭಾನುವಾರ ಒಬ್ಬರೇ ಹೋಗ್ತೀರಾ?” ಅಂತ ಅಲ್ಲೇ ಕೇಳಿದಳು.

“ಒಂದು ಸಾಕು” ಅಂದ ಅವನು.