ಎರಡು ಕೋಣೆಗಳ ಸ್ಪೀಕರ್‌ಗಳಲ್ಲಿ ಹಾಡು ಹಿಂದೆಮುಂದಾದರೆ

Google Home ಆ್ಯಪ್‌ನಲ್ಲಿ ಅಡುಗೆಮನೆ, ಹಜಾರದ ಸ್ಪೀಕರ್‌ಗಳನ್ನು ಒಂದೇ ಗುಂಪಿಗೆ ಸೇರಿಸಿದ ಮೇಲೂ ಹಾಡು ಪ್ರತಿಧ್ವನಿಯಂತೆ ಕೇಳಿಸಿದರೆ, ತಡವಾಗಿ ನುಡಿಯುವ ಸ್ಪೀಕರ್‌ನ Settings ತೆರೆದು, Audio ಒಳಗಿನ Group delay correction ಅನ್ನು ಸ್ವಲ್ಪಸ್ವಲ್ಪವೇ ಸರಿಸಿ. ಎರಡೂ ಸ್ಪೀಕರ್‌ಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಸರಿಸಬೇಕು. ಶಬ್ದಕ್ಕೆ ಹತ್ತು ಮೀಟರ್ ದಾಟಲು ಸುಮಾರು 30 ಮಿಲಿಸೆಕೆಂಡ್ ಬೇಕು, ದೂರದಲ್ಲಿ ನಿಂತರೆ ಕಿವಿಯೇ ಮೋಸ ಹೋಗುತ್ತದೆ. ಪರೀಕ್ಷೆಗೆ ತಬಲಾದ ತನಿ ವಾದನ ಒಳ್ಳೆಯದು. ಕೊಳಲಿನ ಆಲಾಪದಲ್ಲಿ ವ್ಯತ್ಯಾಸ ತಿಳಿಯುವುದೇ ಇಲ್ಲ. ಗುಂಪಿನ ಸ್ಪೀಕರ್‌ಗಳು ವೈಫೈ ಮೂಲಕ ಗಡಿಯಾರ ಹೊಂದಿಸಿಕೊಂಡು ಒಟ್ಟಿಗೇ ನುಡಿಯುತ್ತವೆ. ಆದರೆ ಅದರಾಚೆ ಬ್ಲೂಟೂತ್ ಪೆಟ್ಟಿಗೆಯನ್ನೋ ಟಿ.ವಿ.ಯ ಸೌಂಡ್‌ಬಾರನ್ನೋ ಜೋಡಿಸಿದ್ದರೆ ಅದು ತೆಗೆದುಕೊಳ್ಳುವ ಹೆಚ್ಚುವರಿ ಸಮಯ ಗುಂಪಿಗೆ ಗೊತ್ತಾಗದು. ಅದನ್ನು ನಾವು ಕೈಯಾರೆ ತಿಳಿಸುತ್ತಿದ್ದೇವೆ, ಅಷ್ಟೆ. ವಿಳಂಬ ಪ್ರತಿ ಸಲವೂ ಒಂದೇ ಅಳತೆಯದಾಗಿದ್ದರೆ ಮಾತ್ರ ಇದು ಫಲಿಸುತ್ತದೆ. ಈ ಹಾಡಿಗೆ ಸರಿ, ಮುಂದಿನದಕ್ಕೆ ತಪ್ಪು ಎಂದಾದರೆ ದೋಷ ವೈಫೈಯದು, ಇಲ್ಲವೇ ಬ್ಲೂಟೂತ್‌ನ ಚಂಚಲತೆಯದು. ಆಗ ರೂಟರನ್ನು ಹತ್ತಿರಕ್ಕೆ ತರುವುದು, ಸಾಧ್ಯವಿದ್ದಲ್ಲಿ ಬ್ಲೂಟೂತ್ ಬಿಟ್ಟು ಆಕ್ಸ್ ತಂತಿ ಹಾಕುವುದು ಮೇಲು.